ಸೊನ್ನೆಯ ಕೆಳಗೂ ಮಹಡಿಗಳಿವೆ

ಆರನೇ ತರಗತಿಯ ಮಕ್ಕಳಿಗೆ ಒಂದು ಸಣ್ಣ ಪ್ರಶ್ನೆ ಕೊಡಿ: −7 ದೊಡ್ಡದೋ, −3 ದೊಡ್ಡದೋ? ಬಹಳಷ್ಟು ಮಕ್ಕಳು ಹಿಂದೆಮುಂದೆ ನೋಡದೆ −7 ಎನ್ನುತ್ತಾರೆ. ಇದನ್ನು ಅಜಾಗರೂಕತೆ ಎನ್ನುವಂತಿಲ್ಲ. ಒಂದನೇ ತರಗತಿಯಿಂದ ಅವರು ಕಲಿತದ್ದೇ ಹಾಗೆ. ಏಳು ಗೋಲಿ ಮೂರು ಗೋಲಿಗಿಂತ ಹೆಚ್ಚು, ಏಳು ರೂಪಾಯಿ ಮೂರು ರೂಪಾಯಿಗಿಂತ ಹೆಚ್ಚು. ಸಂಖ್ಯೆ ಎಂದರೆ ‘ಎಷ್ಟಿದೆ’ ಎಂಬುದರ ಉತ್ತರ ಎಂದು ನಂಬಿ ಬಂದ ಮಗುವಿನ ಮುಂದೆ ಹನ್ನೊಂದು–ಹನ್ನೆರಡನೇ ವಯಸ್ಸಿನಲ್ಲಿ ಏಕಾಏಕಿ ಎಣಿಸಲಾಗದ ಸಂಖ್ಯೆಯೊಂದು ಬಂದು ನಿಲ್ಲುತ್ತದೆ. ಮೈನಸ್ ಏಳು ಗೋಲಿಗಳನ್ನು ಯಾರೂ ಜೇಬಿನಲ್ಲಿ ಇಟ್ಟುಕೊಂಡಿಲ್ಲ.

ಗೋಲಿಯನ್ನು ಬಿಟ್ಟು ಜಾಗವನ್ನು ಹಿಡಿದರೆ ದಾರಿ ಸಿಗುತ್ತದೆ. ಸಂಖ್ಯೆಯನ್ನು ನೆಲದ ಮೇಲಿನ ಒಂದು ಗುರುತಾಗಿ ಮಾಡಿ, ಮಗುವನ್ನೇ ಅದರ ಮೇಲೆ ನಿಲ್ಲಿಸಿ ನಡೆಸುವುದು ಇದರ ವಿಧಾನ. ನೆಲದ ಮೇಲೆ ಬರೆದ ಆ ರೇಖೆ ಒಮ್ಮೆ ಲಿಫ್ಟ್ ಆಗುತ್ತದೆ, ಇನ್ನೊಮ್ಮೆ ಥರ್ಮಾಮೀಟರ್ ಆಗುತ್ತದೆ. ಎರಡೂ ಆಟಗಳು ನೋಡಲು ಒಂದೇ ರೀತಿ ಇದ್ದರೂ ಕಲಿಸುವ ಸಂಗತಿಗಳು ಬೇರೆ ಬೇರೆ.

ಮೊದಲು ರೇಖೆಯನ್ನು ಸರಿಯಾಗಿ ಬರೆಯಬೇಕು. −10ರಿಂದ +10ರವರೆಗೆ ಬರೆಯುವುದಾದರೆ ಸೊನ್ನೆಯೂ ಸೇರಿ 21 ಗುರುತುಗಳು, ಅವುಗಳ ನಡುವೆ 20 ಅಂತರಗಳು. ಹನ್ನೆರಡರ ಮಗುವಿನ ಒಂದು ಸಣ್ಣ ಹೆಜ್ಜೆಗೆ ಸುಮಾರು 30 ಸೆಂಟಿಮೀಟರ್ ಹಿಡಿದರೆ ರೇಖೆ ಆರು ಮೀಟರ್ ಉದ್ದವಾಗುತ್ತದೆ. ಡೆಸ್ಕು ಬೆಂಚುಗಳು ತುಂಬಿದ ಕೋಣೆಯಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಶಾಲೆಯ ಜಗಲಿಯೋ ಪ್ರಾರ್ಥನೆಗೆ ನಿಲ್ಲುವ ಅಂಗಳವೋ ಇದಕ್ಕೆ ಅನುಕೂಲ. ಅಳತೆಗೆ ದಾರ ಅಥವಾ ಟೇಪು ಹಿಡಿಯಲೇಬೇಕು. ಅಂತರಗಳು ಏರುಪೇರಾದರೆ, ದೂರವೂ ಸಂಖ್ಯೆಯೂ ಒಂದಕ್ಕೊಂದು ಹೊಂದುತ್ತವೆ ಎಂಬ ಮುಖ್ಯ ಸಂಗತಿಯೇ ಕೈತಪ್ಪುತ್ತದೆ.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ಮಕ್ಕಳಿಗೆ ಬಿಟ್ಟರೆ ಅವರು ಕುಂಟೆಬಿಲ್ಲೆಯ ಹಾಗೆ ಮನೆಗಳನ್ನು ಬರೆದು, ಒಂದೊಂದು ಮನೆಯೊಳಗೆ ಒಂದೊಂದು ಸಂಖ್ಯೆ ಬರೆಯುತ್ತಾರೆ. ಕುಂಟೆಬಿಲ್ಲೆಯಲ್ಲಿ ಆಟಗಾರ ನಿಲ್ಲುವುದು ಮನೆಯೊಳಗೆ, ಗೆರೆ ತುಳಿದರೆ ಔಟ್. ಸಂಖ್ಯಾರೇಖೆಯಲ್ಲಿ ಇದು ತಿರುಗುಮುರುಗು. ನಿಲ್ಲಬೇಕಾದದ್ದೇ ಗೆರೆಯ ಮೇಲೆ, ಎಣಿಸಬೇಕಾದದ್ದು ಗೆರೆಯಿಂದ ಗೆರೆಗೆ ಇಡುವ ಹೆಜ್ಜೆಯನ್ನು. ಮನೆ ಬರೆದ ತರಗತಿಯಲ್ಲಿ ಮಕ್ಕಳು ತಾವು ನಿಂತ ಮನೆಯನ್ನೇ ‘ಒಂದು’ ಎಂದು ಎಣಿಸಿಬಿಡುತ್ತಾರೆ. ಅದಕ್ಕೇ ಉದ್ದಕ್ಕೆ ಒಂದು ರೇಖೆ, ಅದಕ್ಕೆ ಅಡ್ಡವಾಗಿ ಚಿಕ್ಕ ಗೆರೆಗಳು, ಗೆರೆಯ ಪಕ್ಕದಲ್ಲಿ ಸಂಖ್ಯೆ ಇಷ್ಟೇ ಇರಲಿ. ಸೊನ್ನೆಯ ಗೆರೆಗೆ ಮಾತ್ರ ಬೇರೆ ಬಣ್ಣದ ಸೀಮೆಸುಣ್ಣ ಬಳಸಬೇಕು.

ಈಗ ಲಿಫ್ಟ್ ಆಟ. ಎನ್‌ಸಿಇಆರ್‌ಟಿ 2024ರಲ್ಲಿ ತಂದ ಆರನೇ ತರಗತಿಯ ‘ಗಣಿತ ಪ್ರಕಾಶ’ ಪುಸ್ತಕದ ಕೊನೆಯ ಅಧ್ಯಾಯ ಪೂರ್ಣಾಂಕಗಳನ್ನು ಪರಿಚಯಿಸುವುದು ಇಂಥದೇ ಒಂದು ಕಟ್ಟಡದ ಮೂಲಕ. ಬೇಲಾ ಎಂಬಾಕೆಯ ಹೆಸರಿನ ಆ ಕಟ್ಟಡಕ್ಕೆ ನೆಲದ ಮೇಲೂ ಮಹಡಿಗಳಿವೆ, ನೆಲದ ಕೆಳಗೂ ಇವೆ. ನೆಲಮಟ್ಟದ ಮಹಡಿಯೇ ಸೊನ್ನೆ. ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಒತ್ತುವ ಗುಂಡಿಗಳಿಲ್ಲ. ಒಂದು ‘+’ ಗುಂಡಿ, ಒಂದು ‘−’ ಗುಂಡಿ, ಅಷ್ಟೇ. ‘+’ ಒಂದು ಸಲ ಒತ್ತಿದರೆ ಒಂದು ಮಹಡಿ ಮೇಲಕ್ಕೆ, ‘−’ ಒಂದು ಸಲ ಒತ್ತಿದರೆ ಒಂದು ಮಹಡಿ ಕೆಳಕ್ಕೆ. ಹೊರಟ ಮಹಡಿಗೆ ಚಲನೆಯನ್ನು ಕೂಡಿದರೆ ತಲುಪಿದ ಮಹಡಿ ಸಿಗುತ್ತದೆ ಎಂದು ಪುಸ್ತಕ ಸೂತ್ರ ಕಟ್ಟುತ್ತದೆ.

ಗುಂಡಿಗಳ ಈ ಏರ್ಪಾಟು ಒಂದು ಮುಖ್ಯ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ‘−3ನೇ ಮಹಡಿ’ ಒಂದು ಜಾಗ. ‘ಮೂರು ಮಹಡಿ ಕೆಳಕ್ಕೆ’ ಒಂದು ಚಲನೆ. ಎರಡನ್ನೂ ನಾವು −3 ಎಂದೇ ಬರೆಯುತ್ತೇವೆ. ದೊಡ್ಡವರಿಗೆ ಇದು ಅಭ್ಯಾಸವಾಗಿ ಕಣ್ಣಿಗೆ ಬೀಳುವುದಿಲ್ಲ. ಮಗುವಿನ ಗೊಂದಲಕ್ಕೆ ಬಹುಪಾಲು ಕಾರಣ ಇದೇ. ನೆಲದ ಮೇಲಿನ ಆಟದಲ್ಲಿ ಜಾಗ ಎಂದರೆ ಕಾಲ ಕೆಳಗಿನ ಗೆರೆ, ಚಲನೆ ಎಂದರೆ ಇಟ್ಟ ಹೆಜ್ಜೆ. ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ.

ಆಟಕ್ಕೆ ಎರಡು ಬಣ್ಣದ ದಾಳ ಸಾಕು. ಕೆಂಪು ದಾಳ ಮೇಲಕ್ಕೆ, ನೀಲಿ ದಾಳ ಕೆಳಕ್ಕೆ. ಇಬ್ಬರು ಆಟಗಾರರು ಸೊನ್ನೆಯಿಂದ ಹೊರಡುತ್ತಾರೆ. ಸರದಿ ಬಂದಾಗ ಎರಡೂ ದಾಳಗಳನ್ನು ಒಟ್ಟಿಗೆ ಎಸೆದು ಅದರಂತೆ ನಡೆಯಬೇಕು. +10ರ ತಾರಸಿಯನ್ನೋ −10ರ ತಳವನ್ನೋ ಮೊದಲು ಮುಟ್ಟಿದವರು ಗೆದ್ದಂತೆ. ನಡೆಯುವ ಮುನ್ನ ಆಟಗಾರ ಹೊರಟ ಮಹಡಿಯನ್ನೂ ಚಲನೆಯನ್ನೂ ಗಟ್ಟಿಯಾಗಿ ಹೇಳಬೇಕು, ಅದೇ ತಂಡದ ಇನ್ನೊಂದು ಮಗು ಅದನ್ನು ಸ್ಲೇಟಿನಲ್ಲಿ ಬರೆಯಬೇಕು. ಬರೆಯುವ ಕೆಲಸ ಬಿಟ್ಟುಹೋದರೆ ಇದು ಹಾವು–ಏಣಿಯಂತೆ ಬರೀ ಕುಣಿದಾಟವಾಗಿ ಉಳಿಯುತ್ತದೆ. ಎರಡು ದಾಳಗಳೂ ಸರಿಸಮವಾಗಿ ಎಳೆಯುವುದರಿಂದ ಆಟಗಾರರು ಬಹಳ ಹೊತ್ತು ಸೊನ್ನೆಯ ಆಚೀಚೆಯೇ ಓಡಾಡುತ್ತಾರೆ. ಒಬ್ಬ ಆಟಗಾರ ತುದಿ ಮುಟ್ಟಲು ಸರಾಸರಿ ಇಪ್ಪತ್ತರ ಆಸುಪಾಸು ಎಸೆತಗಳು ಬೇಕಾಗುತ್ತವೆ. ಸೊನ್ನೆಯನ್ನು ಮತ್ತೆ ಮತ್ತೆ ದಾಟಬೇಕಾಗುವುದರಿಂದ ಈ ನಿಧಾನ ಕಲಿಕೆಗೆ ಒಳ್ಳೆಯದೇ. ಬೇಗ ಮುಗಿಯಬೇಕೆಂದರೆ ತುದಿಗಳನ್ನು −6 ಮತ್ತು +6ಕ್ಕೆ ತಂದುಕೊಳ್ಳಬಹುದು.

ಕೆಂಪಿನಲ್ಲಿ 2, ನೀಲಿಯಲ್ಲಿ 5 ಬಿತ್ತು ಎನ್ನೋಣ. ಮೊದಮೊದಲು ಮಗು ಎರಡು ಹೆಜ್ಜೆ ಮೇಲೆ ಹೋಗಿ, ತಿರುಗಿ ಐದು ಹೆಜ್ಜೆ ಕೆಳಗಿಳಿಯುತ್ತದೆ. ಕೆಲವು ಸರದಿಗಳಾದ ಮೇಲೆ ಯಾರೋ ಒಬ್ಬರಿಗೆ ಇದು ಬೇಡದ ಓಡಾಟ ಅನಿಸುತ್ತದೆ. ಎರಡು ಏರಿ ಐದು ಇಳಿಯುವುದೂ ನೇರವಾಗಿ ಮೂರು ಇಳಿಯುವುದೂ ಒಂದೇ ತಾನೇ? ಸ್ಲೇಟಿನ ಮೇಲೆ (+2) + (−5) = −3 ಎಂಬ ಸಾಲು ಬೀಳುತ್ತದೆ. ‘ಚಿಹ್ನೆ ಬೇರೆಯಾದರೆ ಕಳೆದು, ದೊಡ್ಡದರ ಚಿಹ್ನೆ ಹಾಕು’ ಎಂದು ಬಾಯಿಪಾಠ ಮಾಡಿಸುವ ನಿಯಮವನ್ನು ಮಗು ಇಲ್ಲಿ ಕಾಲಿನ ಶ್ರಮ ಉಳಿಸಿಕೊಳ್ಳಲು ತಾನಾಗಿ ಕಂಡುಕೊಳ್ಳುತ್ತದೆ.

ಆಟ ನಡೆಯುವಾಗ ಶಿಕ್ಷಕರು ನೋಡಬೇಕಾದದ್ದು ಮಗುವಿನ ಪಾದಗಳನ್ನು. ಒಂದು ಹುಡುಗಿ −4ರ ಮೇಲೆ ನಿಂತಿದ್ದಾಳೆ, ಕೆಂಪಿನಲ್ಲಿ 6, ನೀಲಿಯಲ್ಲಿ 1 ಬಿದ್ದಿದೆ ಎಂದಿಟ್ಟುಕೊಳ್ಳೋಣ. ಒಟ್ಟು ಐದು ಮಹಡಿ ಮೇಲಕ್ಕೆ. −3, −2, −1, 0, 1 ಎಂದು ಐದು ಹೆಜ್ಜೆ ಇಟ್ಟರೆ ಅವಳು +1ಕ್ಕೆ ಬರಬೇಕು. ಅವಳು ಸೊನ್ನೆಯ ಮೇಲೆ ನಿಂತುಬಿಟ್ಟರೆ, ಹೊರಟ ಗೆರೆಯನ್ನೇ ಒಂದು ಎಂದು ಎಣಿಸಿದ್ದಾಳೆ. +2ರ ಮೇಲೆ ನಿಂತರೆ, ಸೊನ್ನೆಯನ್ನು ಹಾರಿ −1ರಿಂದ ನೇರ 1ಕ್ಕೆ ಹೋಗಿದ್ದಾಳೆ. ಸೊನ್ನೆ ಎಂದರೆ ಏನೂ ಇಲ್ಲ, ಆದ್ದರಿಂದ ಅದನ್ನು ಎಣಿಸಬೇಕಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. −9ಕ್ಕೆ ಹೋಗಿದ್ದರೆ ದಿಕ್ಕೇ ತಪ್ಪಿದೆ. ಹೀಗೆ ಒಂದೊಂದು ತಪ್ಪು ಉತ್ತರವೂ ಒಂದೊಂದು ಕಾರಣವನ್ನು ಹೇಳುತ್ತದೆ.

ಇಲ್ಲೇ ಒಂದು ಅಪಾಯವೂ ಇದೆ. ಹೊರಟ ಗೆರೆಯನ್ನೂ ಎಣಿಸಿ, ಸೊನ್ನೆಯನ್ನೂ ಹಾರಿದ ಮಗು −4, −3, −2, −1, 1 ಎಂದು ಎಣಿಸಿ ಸರಿಯಾಗಿ +1ಕ್ಕೇ ಬಂದು ನಿಲ್ಲುತ್ತದೆ! ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿವೆ. ಪುಸ್ತಕದಲ್ಲಿ ಉತ್ತರ ಮಾತ್ರ ತಿದ್ದುವವರಿಗೆ ಇದು ಎಂದೂ ಸಿಕ್ಕಿಬೀಳದು. ಸೊನ್ನೆಯನ್ನು ದಾಟಬೇಕಿಲ್ಲದ ಲೆಕ್ಕವೊಂದನ್ನು, ಅಂದರೆ −9ರಿಂದ ಐದು ಮೇಲಕ್ಕೆ ಎಂಬಂಥದ್ದನ್ನು ಕೊಟ್ಟರೆ ಅದೇ ಮಗು −5 ಎನ್ನುತ್ತದೆ. ಆಗ ಗುಟ್ಟು ಬಯಲಾಗುತ್ತದೆ.

ಕೂಡುವುದು ಹೀಗೆ ಸಲೀಸಾಗಿ ಬರುತ್ತದೆ. ಕಷ್ಟ ಶುರುವಾಗುವುದು ಕಳೆಯುವಾಗ, ಅದರಲ್ಲೂ 2 − (−3) ಎಂಬ ಲೆಕ್ಕ ಎದುರಾದಾಗ. ‘ಮೈನಸ್ ಮೈನಸ್ ಪ್ಲಸ್’ ಎಂಬ ಮಂತ್ರ ಈ ಲೆಕ್ಕವನ್ನು ದಾಟಿಸುತ್ತದೆ ನಿಜ. ಮರುದಿನ ಅದೇ ಮಗು −6 − 2 ಎಂಬಲ್ಲೂ ಎರಡು ಮೈನಸ್ ಕಂಡು +8 ಎಂದು ಬರೆಯುತ್ತದೆ. ಲಿಫ್ಟ್ ಇದಕ್ಕೆ ಎರಡು ಅರ್ಥಗಳನ್ನು ಕೊಡಬಲ್ಲದು, ಎರಡನ್ನೂ ಮಕ್ಕಳು ನಡೆದು ನೋಡಬಹುದು.

ಮೊದಲನೆಯದು ‘ಗಣಿತ ಪ್ರಕಾಶ’ ಹಿಡಿಯುವ ದಾರಿ: ತಲುಪಬೇಕಾದ ಮಹಡಿಯಿಂದ ಹೊರಟ ಮಹಡಿಯನ್ನು ಕಳೆದರೆ ಬೇಕಾದ ಚಲನೆ ಸಿಗುತ್ತದೆ. 2 − (−3) ಎಂದರೆ ‘−3ರಲ್ಲಿ ಇದ್ದೇನೆ, 2ಕ್ಕೆ ಹೋಗಬೇಕು, ಯಾವ ಗುಂಡಿಯನ್ನು ಎಷ್ಟು ಸಲ ಒತ್ತಲಿ?’ ಮಗು −3ರ ಮೇಲೆ ನಿಂತು, ಗೆಳತಿಯನ್ನು 2ರ ಮೇಲೆ ನಿಲ್ಲಿಸಿ ಅವಳತ್ತ ನಡೆಯುತ್ತದೆ. ಐದು ಹೆಜ್ಜೆ, ಮೇಲ್ಮುಖವಾಗಿ. ಉತ್ತರ +5. ಈಗ ಜಾಗಗಳನ್ನು ಅದಲುಬದಲು ಮಾಡಿ ಎಂದರೆ −3 − 2, ಐದು ಹೆಜ್ಜೆ ಕೆಳಮುಖ, −5. −6 − (−2) ಎಂದರೆ −2ರಿಂದ −6ಕ್ಕೆ ಇಳಿಯುವುದು, ಅಂದರೆ −4. ಎರಡು ಮೈನಸ್ ಚಿಹ್ನೆಗಳು ಅಕ್ಕಪಕ್ಕ ಇದ್ದರೂ ಉತ್ತರ ಋಣವೇ ಬಂದದ್ದನ್ನು ಮಗು ತಾನೇ ನಡೆದು ನೋಡಿರುತ್ತದೆ. ಮಂತ್ರದ ಮಿತಿ ಅಲ್ಲಿಗೆ ಗೊತ್ತಾಗುತ್ತದೆ.

ಎರಡನೆಯದು ರದ್ದು ಮಾಡುವ ಆಟ. ‘ರದ್ದು’ ಎಂದು ಬರೆದ ನಾಲ್ಕಾರು ಚೀಟಿಗಳನ್ನು ಆಟಕ್ಕೆ ಸೇರಿಸಿ, ಈ ಸುತ್ತಿನಲ್ಲಿ ಸರದಿಗೆ ಒಂದೇ ದಾಳ ಎಸೆಯುವಂತೆ ನಿಯಮ ಮಾಡಬೇಕು. ಚೀಟಿ ಬಂದವರು ತಮ್ಮ ಹಿಂದಿನ ಒಂದು ಎಸೆತವನ್ನು ವಾಪಸು ಪಡೆಯಬಹುದು. ಒಬ್ಬ ಹುಡುಗ 5ರಲ್ಲಿದ್ದ, ನೀಲಿ ದಾಳದಲ್ಲಿ 3 ಬಿದ್ದು 2ಕ್ಕೆ ಇಳಿದ, ಆಮೇಲೆ ರದ್ದಿನ ಚೀಟಿ ಸಿಕ್ಕಿತು. ಕೆಳಗಿಳಿಸಿದ −3 ಅನ್ನು ತೆಗೆದುಹಾಕಿದರೆ ಅವನು ಎಲ್ಲಿರಬೇಕು? ಮತ್ತೆ 5ರಲ್ಲಿ. ಸ್ಲೇಟಿನಲ್ಲಿ 2 − (−3) = 5 ಎಂದು ಬರೆದಾಗ ಕಳೆಯುವ ಚಿಹ್ನೆಗೂ ಋಣದ ಚಿಹ್ನೆಗೂ ಒಂದೊಂದು ಕೆಲಸ ಇರುವುದು ಕಾಣುತ್ತದೆ. ಮೊದಲಿನದು ‘ತೆಗೆದುಹಾಕು’ ಎನ್ನುತ್ತದೆ, ಎರಡನೆಯದು ‘ಇಳಿಸಿದ್ದು’ ಎಂದು ಗುರುತು ಹೇಳುತ್ತದೆ.

ಇನ್ನೂ ಒಂದು ನಡಿಗೆ ಬಳಕೆಯಲ್ಲಿದೆ. ಕೂಡುವುದಾದರೆ ಧನ ತುದಿಗೆ ಮುಖ ಮಾಡಬೇಕು, ಕಳೆಯುವುದಾದರೆ ಋಣ ತುದಿಗೆ. ಸಂಖ್ಯೆ ಧನವಾದರೆ ಮುಂದಕ್ಕೆ ನಡೆಯಬೇಕು, ಋಣವಾದರೆ ಹಿಂದುಹಿಂದಕ್ಕೆ. 2 − (−3)ಕ್ಕೆ ಮಗು 2ರ ಮೇಲೆ ನಿಂತು, ಕೆಳತುದಿಗೆ ಮುಖ ಮಾಡಿ, ಮೂರು ಹೆಜ್ಜೆ ಹಿಂದಕ್ಕೆ ಸರಿದರೆ 5ಕ್ಕೆ ಬರುತ್ತದೆ. ಉತ್ತರ ಯಾವಾಗಲೂ ಸರಿ, ಮಕ್ಕಳಿಗೂ ಖುಷಿ. ಆದರೆ ಹಾಗೇಕೆ ತಿರುಗಬೇಕು ಎಂದು ಕೇಳಿದರೆ ಈ ನಡಿಗೆಯಲ್ಲಿ ಉತ್ತರವಿಲ್ಲ. ಇದೂ ಕಾಲಿನಿಂದ ಮಾಡಿದ ಬಾಯಿಪಾಠವೇ. ಹಾಗಾಗಿ ಇದನ್ನು ಕೊನೆಗೆ, ತಾಳೆ ನೋಡಲು ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಲಿಫ್ಟ್ ಆಟವನ್ನು ನಿಜವಾದ ಕಟ್ಟಡಕ್ಕೆ ಜೋಡಿಸುವಾಗ ಒಂದು ಎಚ್ಚರ ಬೇಕು. ಜರ್ಮನಿ, ಫ್ರಾನ್ಸ್‌ಗಳ ಅನೇಕ ಲಿಫ್ಟುಗಳಲ್ಲಿ −1, −2 ಎಂದೇ ಗುಂಡಿಗಳಿರುತ್ತವೆ. ಬೆಂಗಳೂರಿನ ಮಾಲುಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ಸಾಮಾನ್ಯವಾಗಿ ಕಾಣುವುದು ‘ಜಿ’, ‘ಬಿ1’, ‘ಬಿ2’. ‘ಜಿ’ಯನ್ನು ಸೊನ್ನೆ ಎಂದೂ ‘ಬಿ1’ ಅನ್ನು −1 ಎಂದೂ ಓದಿಸಿದರೆ ಲೆಕ್ಕ ಸರಿಹೋಗುತ್ತದೆ. ಅಮೆರಿಕದ ರೂಢಿಯಂತೆ ನೆಲಮಟ್ಟವನ್ನೇ ಒಂದನೇ ಮಹಡಿ ಎಂದು ಕರೆಯುವ ಕಟ್ಟಡವಾದರೆ ಲೆಕ್ಕ ಕೈಕೊಡುತ್ತದೆ. ಅಲ್ಲಿ ಸೊನ್ನೆಯೇ ಇಲ್ಲ. −1ರಿಂದ 1ಕ್ಕೆ ಲಿಫ್ಟು ಏರುವುದು ಒಂದೇ ಮಹಡಿ, ಗಣಿತ ಹೇಳುವುದು ಎರಡು. ಇಂಥ ಕಟ್ಟಡದ ಚಿತ್ರವನ್ನು ಮಕ್ಕಳ ಮುಂದಿಟ್ಟು ಎಲ್ಲಿ ತಪ್ಪಿತು ಎಂದು ಕೇಳಿದರೆ, ಸೊನ್ನೆಯೂ ಒಂದು ಮೆಟ್ಟಿಲು ಎಂಬುದು ಅವರ ಬಾಯಿಂದಲೇ ಬರುತ್ತದೆ.

ಇನ್ನು ತಾಪಮಾನ. ಕರ್ನಾಟಕದ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಲೇಹ್‌ನ ಚಳಿಗಾಲದ ರಾತ್ರಿ −10ಕ್ಕಿಂತ ಕೆಳಗಿಳಿಯುತ್ತದೆ ಎಂದು ಓದಿದರೂ ಅದು ಅವರ ಮೈಗೆ ತಾಗಿದ ಚಳಿಯಲ್ಲ. ಮನೆಯ ಫ್ರೀಜರಿನಲ್ಲಿ ಸುಮಾರು −18 ಡಿಗ್ರಿ ಇರುತ್ತದೆ ಎಂಬುದು ಹತ್ತಿರದ ಉದಾಹರಣೆ. ಇನ್ನೂ ಹತ್ತಿರದ್ದು ಬೇಕೆಂದರೆ ತರಗತಿಯಲ್ಲೇ ಋಣ ತಾಪಮಾನವನ್ನು ಉಂಟುಮಾಡಬಹುದು.

ಶಾಲೆಯ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಇರುವ ಥರ್ಮಾಮೀಟರಿನ ಗುರುತುಗಳು −10ರಿಂದ 110ರವರೆಗೆ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬಾರದು. ಸ್ಟೀಲ್ ಲೋಟದಲ್ಲಿ ಪುಡಿಮಾಡಿದ ಐಸ್ ತುಂಬಿ, ಸ್ವಲ್ಪ ಕರಗಲು ಬಿಟ್ಟು ಥರ್ಮಾಮೀಟರನ್ನು ಇಳಿಸಿದರೆ ಅದು ಸೊನ್ನೆಯ ಬಳಿ ನಿಲ್ಲುತ್ತದೆ. ಈಗ ಐಸಿನ ತೂಕದ ಮೂರನೇ ಒಂದರಷ್ಟು ಅಡುಗೆ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಚಮಚದಲ್ಲಿ ಕಲಕಬೇಕು. ಉಪ್ಪು ಬೆರೆತಾಗ ಐಸ್ ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ತನ್ನ ಮಿಶ್ರಣದಿಂದಲೇ ಎಳೆದುಕೊಳ್ಳುತ್ತದೆ. ಥರ್ಮಾಮೀಟರಿನ ಕಾಲಂ ಮಕ್ಕಳ ಕಣ್ಣೆದುರೇ ಸೊನ್ನೆ ದಾಟಿ ಇಳಿಯುತ್ತದೆ. ಫ್ರೀಜರ್ ಇಲ್ಲದ ಗಾಡಿಯಲ್ಲಿ ಕುಲ್ಫಿ ಗಟ್ಟಿಯಾಗಿ ಉಳಿಯುವುದು ಇದೇ ಉಪ್ಪು–ಐಸಿನ ಬಲದಿಂದ. ಈ ಮಿಶ್ರಣ ಸುಮಾರು −21 ಡಿಗ್ರಿಯವರೆಗೂ ಇಳಿಯಬಲ್ಲದು. ಆದ್ದರಿಂದ ಕಾಲಂ −10ರ ಹತ್ತಿರ ಬಂದೊಡನೆ ಥರ್ಮಾಮೀಟರನ್ನು ತೆಗೆಯಬೇಕು, ಮಕ್ಕಳು ಲೋಟವನ್ನು ಬರಿಗೈಯಲ್ಲಿ ಹಿಡಿಯದಂತೆ ನೋಡಿಕೊಳ್ಳಬೇಕು.

ಒಂದು ಮಗು ನಿಮಿಷಕ್ಕೊಮ್ಮೆ ತಾಪಮಾನವನ್ನು ಓದಿ ಹೇಳುತ್ತದೆ, ಇನ್ನೊಂದು ನೆಲದ ರೇಖೆಯ ಮೇಲೆ ಆ ಗುರುತಿಗೆ ಹೋಗಿ ನಿಲ್ಲುತ್ತದೆ. 0, −3, −6, −8 ಎಂದು ಓದಿದರೆ ಅವು ಜಾಗಗಳು. ಪ್ರತಿ ನಿಮಿಷದ ಬದಲಾವಣೆ −3, −3, −2. ಅವು ಚಲನೆಗಳು. ಲಿಫ್ಟಿನಲ್ಲಿ ಕಲಿತ ವ್ಯತ್ಯಾಸ ಇಲ್ಲಿ ಗಾಜಿನ ಕೊಳವೆಯೊಳಗೆ ಮತ್ತೆ ಕಾಣುತ್ತದೆ.

ತಾಪಮಾನದ ನಿಜವಾದ ಬಲ ಇರುವುದು ದೊಡ್ಡದು–ಚಿಕ್ಕದು ಹೇಳುವುದರಲ್ಲಿ. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ‘−18 ಮತ್ತು −3ರಲ್ಲಿ ಯಾವುದು ಹೆಚ್ಚು?’ ಎಂದರೆ ಮಗು ಚಳಿಯನ್ನು ಅಳೆದು −18 ಎನ್ನುತ್ತದೆ. ಚಳಿ ಹೆಚ್ಚು ಎಂಬುದು ಸುಳ್ಳೇನಲ್ಲ. ‘ಯಾವುದು ಹೆಚ್ಚು ಬಿಸಿ?’ ಎಂದು ಕೇಳಿದರೆ −3 ಎಂಬ ಉತ್ತರ ತಡವರಿಸದೆ ಬರುತ್ತದೆ. ಸೊನ್ನೆಯ ಮೇಲೂ ಕೆಳಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದರೆ ಕ್ರಮ ಎಲ್ಲಿಯೂ ಮುರಿಯುವುದಿಲ್ಲ. ಮೊದಲ ಪ್ಯಾರಾದ −7, −3ರ ಪ್ರಶ್ನೆಗೆ ಔಷಧಿ ಇದೇ.

ಸೊನ್ನೆಯನ್ನು ಎಲ್ಲಿಡಬೇಕು ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ ಎಂಬುದನ್ನೂ ತಾಪಮಾನ ತೋರಿಸುತ್ತದೆ. ಫ್ಯಾರನ್‌ಹೀಟ್ ಹದಿನೆಂಟನೇ ಶತಮಾನದಲ್ಲಿ ತನ್ನ ಅಳತೆಯ ಸೊನ್ನೆಯನ್ನು ಇಟ್ಟದ್ದು ಐಸು ಮತ್ತು ಲವಣದ ಮಿಶ್ರಣವೊಂದರ ಮಟ್ಟದಲ್ಲಿ. ಹಾಗಾಗಿ ನಮ್ಮ ಫ್ರೀಜರಿನ −18 ಅವನ ಅಳತೆಯಲ್ಲಿ ಸರಿಸುಮಾರು ಸೊನ್ನೆ. ಅದೇ ಚಳಿ, ಒಂದು ಅಳತೆಯಲ್ಲಿ ಋಣ, ಇನ್ನೊಂದರಲ್ಲಿ ಅಲ್ಲ.

ತಾಪಮಾನಕ್ಕೆ ಒಂದು ಮಿತಿಯೂ ಇದೆ. 20 ಡಿಗ್ರಿಯ ಎರಡು ಲೋಟ ನೀರನ್ನು ಸೇರಿಸಿದರೆ 40 ಡಿಗ್ರಿಯಾಗದು. ಎರಡು ತಾಪಮಾನಗಳನ್ನು ಕೂಡುವುದಕ್ಕೆ ಅರ್ಥವಿಲ್ಲ, ಎರಡು ಮಹಡಿಗಳನ್ನು ಕೂಡುವುದಕ್ಕೂ ಇಲ್ಲ. ಒಂದು ಜಾಗಕ್ಕೆ ಒಂದು ಚಲನೆಯನ್ನು ಕೂಡಬಹುದು, ಎರಡು ಜಾಗಗಳ ನಡುವಿನ ವ್ಯತ್ಯಾಸ ಕೇಳಬಹುದು. ‘ಬೆಳಗ್ಗೆ −3 ಡಿಗ್ರಿ, ಮಧ್ಯಾಹ್ನ 5 ಡಿಗ್ರಿ, ಒಟ್ಟು ಎಷ್ಟು?’ ಎಂಬಂಥ ಪ್ರಶ್ನೆ ಆಟದ ಬುನಾದಿಯನ್ನೇ ಕೆಡಿಸುತ್ತದೆ. ‘ಎಷ್ಟು ಏರಿತು?’ ಎಂದು ಕೇಳಿದರೆ 5 − (−3), ಎಂಟು ಡಿಗ್ರಿ.

ನೆಲದ ರೇಖೆ ಅಡ್ಡಕ್ಕಿದೆ, ಲಿಫ್ಟೂ ಥರ್ಮಾಮೀಟರೂ ಉದ್ದಕ್ಕಿವೆ. ಕೆಲವು ಮಕ್ಕಳಿಗೆ ಈ ತಿರುವೇ ಗೊಂದಲ. ಗೋಡೆಯ ಮೇಲೆ ಅದೇ ಸಂಖ್ಯೆಗಳ ಲಂಬ ಪಟ್ಟಿಯೊಂದನ್ನು ಅಂಟಿಸಿ, ನೆಲದ ಮೇಲೆ ನಡೆದ ಪ್ರತಿ ನಡೆಯನ್ನೂ ಬೆರಳಿನಿಂದ ಅಲ್ಲಿಯೂ ತೋರಿಸಿದರೆ ಇದು ನಿವಾರಣೆಯಾಗುತ್ತದೆ.

ಎಷ್ಟು ದಿನ ನಡೆಸಬೇಕು? ಹೆಜ್ಜೆ ಎಣಿಸುವುದೇ ಅಭ್ಯಾಸವಾಗಿಬಿಟ್ಟರೆ ಅದೂ ತೊಂದರೆ. ಅದಕ್ಕೆ ಹಾದಿ ಹೀಗೆ: ಮೊದಲು ನೆಲ, ಬಳಿಕ ನೋಟ್‌ಬುಕ್ಕಿನಲ್ಲಿ ಗುರುತುಗಳಿರುವ ರೇಖೆ, ಕೊನೆಗೆ ಸೊನ್ನೆಯೊಂದನ್ನು ಮಾತ್ರ ಬರೆದ ಖಾಲಿ ರೇಖೆ. ಖಾಲಿ ರೇಖೆಯ ಮೇಲೆ −38 + 52 ಕೊಟ್ಟರೆ ಐವತ್ತೆರಡು ಹೆಜ್ಜೆ ಎಣಿಸಲು ಆಗುವುದಿಲ್ಲ. −38ರಿಂದ ಸೊನ್ನೆಗೆ 38ರ ಒಂದು ಜಿಗಿತ, ಉಳಿದ 14ರ ಇನ್ನೊಂದು ಜಿಗಿತ, ಉತ್ತರ 14. ಎರಡೇ ಕಮಾನುಗಳನ್ನು ಎಳೆದು ಮಗು ಇದನ್ನು ಬಿಡಿಸಿದರೆ, ಸೊನ್ನೆಯನ್ನು ತಂಗುದಾಣವಾಗಿ ಬಳಸಲು ಕಲಿತಿದೆ ಎಂದರ್ಥ. 47 − (−28)ಕ್ಕೆ −28ರಿಂದ ಸೊನ್ನೆಗೆ 28, ಅಲ್ಲಿಂದ 47, ಒಟ್ಟು 75 ಎಂದು ಬರೆದರೆ ಕಳೆಯುವುದೂ ಬಂದಿದೆ.

ಗುಣಾಕಾರಕ್ಕೆ ಬಂದಾಗ ಲಿಫ್ಟು ಅರ್ಧ ದಾರಿ ಮಾತ್ರ ಜೊತೆ ಬರುತ್ತದೆ. 4 × (−2) ಎಂದರೆ ಎರಡೆರಡು ಮಹಡಿಯಂತೆ ನಾಲ್ಕು ಸಲ ಇಳಿದು −8. (−4) × (−2) ಎಂದರೆ ಇಳಿಯುವ ಎರಡರ ಚಲನೆಯನ್ನು ನಾಲ್ಕು ಸಲ ರದ್ದು ಮಾಡುವುದು ಎಂದು ರದ್ದಿನ ಚೀಟಿಗಳನ್ನು ಹಿಡಿದು ಎಳೆಯಬಹುದು, ಆದರೆ ಅಷ್ಟು ಹೊತ್ತಿಗೆ ಆಟ ಮಕ್ಕಳಿಗೆ ಕೃತಕ ಅನಿಸತೊಡಗುತ್ತದೆ. ಎರಡು ಸಾಲಗಳ ಗುಣಲಬ್ಧ ಧನ ಎಂದು ಬ್ರಹ್ಮಗುಪ್ತ 628ರಲ್ಲಿ ನಿಯಮ ಹೇಳಿದಾಗಲೂ ಅದಕ್ಕೆ ಮಹಡಿಯ ಆಧಾರವೇನೂ ಇರಲಿಲ್ಲ. ಆ ಪಾಠಕ್ಕೆ 3 × (−2) = −6, 2 × (−2) = −4, 1 × (−2) = −2, 0 × (−2) = 0 ಎಂದು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಉತ್ತರ ಪ್ರತಿ ಸಾಲಿಗೂ ಎರಡರಂತೆ ಏರುತ್ತಿರುವುದನ್ನು ತೋರಿಸಿ, ಮುಂದಿನ ಸಾಲನ್ನು ಮಕ್ಕಳಿಂದಲೇ ತುಂಬಿಸುವುದು ಹೆಚ್ಚು ನೇರವಾದ ದಾರಿ.